ಮನುಷ್ಯರಾಗಿ ಹುಟ್ಟುತ್ತೇವೆಯೇ, ಮನುಷ್ಯರಾಗುತ್ತೇವೆಯೇ?

ತೌಲನಿಕ ತತ್ವಶಾಸ್ತ್ರದ ಪ್ರಶ್ನೆಪತ್ರಿಕೆಯಲ್ಲಿ ಸಮುದಾಯನಿಷ್ಠ ನೀತಿಯನ್ನೂ ವ್ಯಕ್ತಿಯ ಹಕ್ಕುಗಳ ವಿಚಾರವನ್ನೂ ಹೋಲಿಸಿ ಎಂಬ ಪ್ರಶ್ನೆ ಬಂದರೆ ಹೆಚ್ಚಿನವರ ಉತ್ತರ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತದೆ. ಪಶ್ಚಿಮದವರು 'ನಾನು' ಎನ್ನುತ್ತಾರೆ, ಆಫ್ರಿಕಾದವರು 'ನಾವು' ಎನ್ನುತ್ತಾರೆ, ಎರಡಕ್ಕೂ ಸಮನ್ವಯ ಬೇಕು ಎಂದು ಬರೆದು ಮುಗಿಸುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ, ಹುರುಳೂ ಇಲ್ಲ. ಪಶ್ಚಿಮದಲ್ಲಿ ಊರುಕೇರಿ, ಬಂಧುಬಳಗ ಇಲ್ಲವೆಂದು ಯಾರೂ ಹೇಳಿಲ್ಲ, ಆಫ್ರಿಕಾದಲ್ಲಿ 'ನಾನು' ಅನ್ನುವವರು ಇಲ್ಲವೆಂದೂ ಹೇಳಿಲ್ಲ. ಜಗಳ ಇರುವುದು ಬೇರೆ ಕಡೆ. ಒಂದು ಜೀವ ಯಾವಾಗ 'ವ್ಯಕ್ತಿ' ಎನ್ನಿಸಿಕೊಳ್ಳುತ್ತದೆ, ಆ ಸ್ಥಾನವನ್ನು ಅದಕ್ಕೆ ಕೊಡುವವರು ಯಾರು ಎಂಬುದು ಅಲ್ಲಿನ ಪ್ರಶ್ನೆ.

ಈ ಪ್ರಶ್ನೆಯನ್ನು ಅತಿ ಕಟುವಾಗಿ ಎತ್ತಿದವರು ನೈಜೀರಿಯಾ ಮೂಲದ ತತ್ವಜ್ಞಾನಿ, ಕವಿ ಇಫೆಯಾನಿ ಮೆಂಕಿಟಿ. ಆಫ್ರಿಕಾದ ಸಾಂಪ್ರದಾಯಿಕ ಚಿಂತನೆಯಲ್ಲಿ ವ್ಯಕ್ತಿ ಮತ್ತು ಸಮುದಾಯ ಎಂಬ ವಿಷಯವಾಗಿ ಅವರು ಬರೆದ ಚಿಕ್ಕ ಪ್ರಬಂಧ 1984ರಲ್ಲಿ ಪ್ರಕಟವಾಯಿತು. ಈ ಕ್ಷೇತ್ರದಲ್ಲಿ ಆಮೇಲೆ ಬರೆದವರೆಲ್ಲ ಒಂದೋ ಅವರನ್ನು ಒಪ್ಪಿ ಬರೆದಿದ್ದಾರೆ, ಇಲ್ಲವೇ ಅವರ ಮೇಲೆ ಮುಗಿಬಿದ್ದಿದ್ದಾರೆ. ಮೆಂಕಿಟಿ ತಮ್ಮ ವಾದಕ್ಕೆ ಸಾಕ್ಷಿ ಹುಡುಕಿದ್ದು ಸಾವಿನ ಮನೆಯಲ್ಲಿ. ಹಸುಗೂಸು ಸತ್ತಾಗ ಆಫ್ರಿಕಾದ ಎಷ್ಟೋ ಸಮಾಜಗಳಲ್ಲಿ ಕ್ರಿಯಾಕರ್ಮ ಚುಟುಕಾಗಿ ಮುಗಿಯುತ್ತದೆ. ಹಿರಿಯರು ಸತ್ತರೆ ವಿಧಿಗಳು ವಿಸ್ತಾರವಾಗುತ್ತವೆ, ಊರೇ ಸೇರುತ್ತದೆ. ಹೆತ್ತವರ ದುಃಖ ಕಡಿಮೆ ಎಂದಲ್ಲ. ಸಮುದಾಯದ ಲೆಕ್ಕದಲ್ಲಿ ಕೂಸು ಇನ್ನೂ ವ್ಯಕ್ತಿಯಾಗಿರಲಿಲ್ಲ, ಹಿರಿಯರು ಪೂರ್ಣವಾಗಿ ಆಗಿದ್ದರು ಎಂಬುದು ಇದಕ್ಕೆ ಮೆಂಕಿಟಿ ಕೊಡುವ ವಿವರಣೆ. ನಮ್ಮ ಕಡೆಯೂ ಎಳೆಮಕ್ಕಳನ್ನು ದಹನ ಮಾಡದೆ ಹೂಳುವ, ಸೂತಕವನ್ನು ಮೊಟಕು ಮಾಡುವ ರೂಢಿ ಹಲವು ಸಮುದಾಯಗಳಲ್ಲಿ ಇದೆಯಾದ್ದರಿಂದ ಕನ್ನಡದ ಓದುಗರಿಗೆ ಈ ಗಮನಿಕೆ ಅಷ್ಟು ದೂರದ್ದೇನಲ್ಲ. ನಮ್ಮಲ್ಲಿ ಅದಕ್ಕೆ ಕೊಡುವ ಕಾರಣ ಬೇರೆ ಇರಬಹುದು.

ಮೆಂಕಿಟಿ ಪ್ರಕಾರ ಹುಟ್ಟಿದ ಮಾತ್ರಕ್ಕೆ ಯಾರೂ ವ್ಯಕ್ತಿಯಲ್ಲ. ನಾಮಕರಣ, ಪ್ರಾಯಕ್ಕೆ ಬಂದಾಗಿನ ದೀಕ್ಷೆ, ಮದುವೆ, ಮಕ್ಕಳು, ಊರಿನ ಹೊಣೆಗಾರಿಕೆ, ಹಿರಿತನ ಹೀಗೆ ಒಂದೊಂದು ಹಂತದಲ್ಲೂ ಸಮುದಾಯವು ಆ ಜೀವವನ್ನು ಒಳಗೆ ಕರೆದುಕೊಳ್ಳುತ್ತದೆ. ಹೊರಿಸಿದ ಕರ್ತವ್ಯವನ್ನು ಹೊತ್ತಂತೆಲ್ಲ ವ್ಯಕ್ತಿತನ ತುಂಬುತ್ತ ಹೋಗುತ್ತದೆ. ಸತ್ತ ಮೇಲೂ ಹೆಸರು ಹಿಡಿದು ನೆನೆಯುವವರು ಇರುವತನಕ ಪೂರ್ವಜರು ವ್ಯಕ್ತಿಗಳಾಗಿಯೇ ಉಳಿಯುತ್ತಾರೆ, ಹೆಸರು ಮರೆತುಹೋದ ದಿನ ಮತ್ತೆ ಹೆಸರಿಲ್ಲದ ಜೀವಗಳಾಗುತ್ತಾರೆ. ಈ ಪ್ರಯಾಣದಲ್ಲಿ ಸೋಲುವುದೂ ಉಂಟು. ಎಂಬತ್ತು ವರ್ಷ ಬದುಕಿಯೂ ಒಬ್ಬಾತ ವ್ಯಕ್ತಿಯಾಗದೇ ಹೋಗಬಹುದು. ಇಂಥ ಸಮಾಜ ಕರ್ತವ್ಯದ ಸುತ್ತ ಕಟ್ಟಿಕೊಂಡಿರುತ್ತದೆ, ಹಕ್ಕಿಗೆ ಅಲ್ಲಿ ಎರಡನೆಯ ಸ್ಥಾನ. 1981ರಲ್ಲಿ ಆಫ್ರಿಕಾದ ದೇಶಗಳು ಒಪ್ಪಿಕೊಂಡ ಮಾನವ ಹಕ್ಕುಗಳ ಸನ್ನದಿನಲ್ಲೂ ಈ ಗುರುತು ಕಾಣುತ್ತದೆ. ಅದರ 27ರಿಂದ 29ರವರೆಗಿನ ವಿಧಿಗಳು ವ್ಯಕ್ತಿಯ ಕರ್ತವ್ಯಗಳಿಗೇ ಮೀಸಲು. ತಂದೆತಾಯಿಯನ್ನು ಗೌರವಿಸಬೇಕು, ಕಷ್ಟದಲ್ಲಿದ್ದರೆ ಸಾಕಬೇಕು ಎಂಬ ಮಾತೂ ಅಲ್ಲಿ ಕಾನೂನಿನ ಭಾಷೆಯಲ್ಲೇ ಇದೆ.

ಇದರ ಎದುರಿಗೆ ನಿಲ್ಲುವವರಲ್ಲಿ ಒಬ್ಬರು ಮೆಂಕಿಟಿಗೆ ಹಾರ್ವರ್ಡ್‌ನಲ್ಲಿ ಗುರುಗಳಾಗಿದ್ದ ಜಾನ್ ರಾಲ್ಸ್ ಎಂಬುದು ಸ್ವಾರಸ್ಯದ ಸಂಗತಿ. 1971ರಲ್ಲಿ ಬಂದ ನ್ಯಾಯಸಿದ್ಧಾಂತದ ಗ್ರಂಥದಲ್ಲಿ ರಾಲ್ಸ್, ಸಮಾನ ನ್ಯಾಯಕ್ಕೆ ಅರ್ಹರಾಗಲು ಎಷ್ಟಿದ್ದರೆ ಸಾಕು ಎಂದು ಕೇಳಿಕೊಳ್ಳುತ್ತಾರೆ. ತನಗೆ ಯಾವುದು ಒಳಿತೆಂದು ತಿಳಿಯುವ, ನ್ಯಾಯಾನ್ಯಾಯವನ್ನು ಗ್ರಹಿಸುವ ಸಾಮರ್ಥ್ಯವಿದ್ದರೆ ಸಾಕು ಎಂಬುದು ಅವರ ಉತ್ತರ. ಸಾಮರ್ಥ್ಯ ಇದ್ದರಾಯಿತು, ಅದು ಅರಳಿರಬೇಕೆಂದೇನೂ ಇಲ್ಲ. ಹಾಗಾಗಿ ಕೂಸಿಗೂ ಅದರ ರಕ್ಷಣೆ ಸಿಗುತ್ತದೆ. ಕಾಂಟ್‌ನಿಂದ ಹರಿದುಬಂದ ಈ ದಾರಿಯಲ್ಲಿ ವ್ಯಕ್ತಿತನ ಅಂದರೆ ಒಂದು ಹೊಸ್ತಿಲು. ದಾಟಿದವರೆಲ್ಲ ಸಮಾನರು, ದಾಟಿದ ಮೇಲೆ ಯಾರೂ ಅವರನ್ನು ಹೊರಗೆ ಹಾಕುವಂತಿಲ್ಲ. ಮೆಂಕಿಟಿಯ ದಾರಿಯಲ್ಲಿ ಹೆಚ್ಚು ಕಡಿಮೆ ಎಂಬುದು ಉಂಟು. ಹೋಲಿಕೆಯ ಉತ್ತರ ಈ ವ್ಯತ್ಯಾಸವನ್ನು ಹಿಡಿಯಬೇಕು. ಮೈಕೆಲ್ ಸ್ಯಾಂಡಲ್ ಮುಂತಾದ ಅಮೆರಿಕದ ಸಮುದಾಯವಾದಿಗಳನ್ನೂ ಮೆಂಕಿಟಿಯನ್ನೂ ಒಂದೇ ಗಾಡಿಗೆ ಕಟ್ಟುವುದು ಸರಿಯಲ್ಲ. ಸ್ಯಾಂಡಲ್ ಹೇಳುವುದು ನನ್ನ ಸಂಬಂಧಗಳನ್ನು ಬಿಟ್ಟು ನಾನು ಯಾರೆಂದು ನನಗೇ ತಿಳಿಯದು ಎಂದು. ಮೆಂಕಿಟಿ ಅದಕ್ಕಿಂತ ಮುಂದೆ ಹೋಗಿ, ಸಂಬಂಧಗಳಲ್ಲಿ ನನ್ನ ಪಾಲಿನದನ್ನು ಮಾಡದಿದ್ದರೆ ನಾನು ವ್ಯಕ್ತಿಯೇ ಅಲ್ಲ ಎನ್ನುತ್ತಾರೆ.

ಇಲ್ಲಿ ಎದೆ ಝಲ್ಲೆನ್ನಬೇಕು. ದೀಕ್ಷೆಯಾಗದವರು, ಮಕ್ಕಳಾಗದವರು, ಮದುವೆ ಬೇಡವೆಂದವರು, ಊರಿನ ಕಟ್ಟಳೆಗೆ ಎದುರು ನಿಂತವರು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆ ಮೊದಲು ಬಂದದ್ದು ಪಶ್ಚಿಮದಿಂದಲ್ಲ, ಆಫ್ರಿಕಾದ ಒಳಗಿಂದಲೇ ಎಂಬುದನ್ನು ಪರೀಕ್ಷೆ ಬರೆಯುವವರು ಮರೆಯುತ್ತಾರೆ. ಘಾನಾದ ಕ್ವಾಮೆ ಗ್ಯೆಕ್ಯೆ ತಮ್ಮ ಅಕಾನ್ ಜನರ ಗಾದೆಗಳನ್ನೇ ಮುಂದಿಟ್ಟುಕೊಂಡು 1992ರಲ್ಲಿ ಮೆಂಕಿಟಿಗೆ ಉತ್ತರ ಕೊಟ್ಟರು. ಮೆಂಕಿಟಿ ಸ್ಥಾನಮಾನವನ್ನೂ ವ್ಯಕ್ತಿತನವನ್ನೂ ಕಲಸಿಬಿಟ್ಟಿದ್ದಾರೆ ಎಂಬುದು ಅವರ ಮುಖ್ಯ ಆಕ್ಷೇಪ. ಹಿರಿತನ, ಮಾನ, ಊರಿನಲ್ಲಿ ಮಾತು ನಡೆಯುವುದು, ಇವು ದುಡಿದು ಗಳಿಸುವಂಥವು. ಮನುಷ್ಯನೆನ್ನಿಸಿಕೊಳ್ಳುವುದು ಹಾಗಲ್ಲ. ಎಲ್ಲರೂ ದೇವರ ಮಕ್ಕಳು, ಯಾರೂ ಮಣ್ಣಿನ ಮಕ್ಕಳಲ್ಲ ಎಂಬರ್ಥದ ಅಕಾನ್ ಗಾದೆ ಹುಟ್ಟಿನಿಂದಲೇ ಬರುವ ಘನತೆಯನ್ನು ಹೇಳುತ್ತದೆ. ಕ್ರೂರಿಯನ್ನು ಕಂಡು ಅಕಾನರು 'ಅವನು ಮನುಷ್ಯನೇ ಅಲ್ಲ' ಅನ್ನುತ್ತಾರೆ. ನಾವೂ ಹಾಗೆಯೇ ಅನ್ನುತ್ತೇವೆ. ಹಾಗೆಂದ ಮಾತ್ರಕ್ಕೆ ಅವನನ್ನು ಕೊಂದರೆ ಕೊಲೆಯಲ್ಲ ಎಂದು ಯಾರೂ ತಿಳಿಯುವುದಿಲ್ಲ. ಅದು ಅವನ ನಡತೆಯ ಮೇಲಿನ ತೀರ್ಪೇ ಹೊರತು ಅವನ ಸ್ಥಾನವನ್ನು ಕಿತ್ತುಕೊಳ್ಳುವ ಆಜ್ಞೆಯಲ್ಲ.

ಹಾಗೆಂದು ಗ್ಯೆಕ್ಯೆ ಸಮುದಾಯವನ್ನು ಬಿಟ್ಟುಕೊಡುವುದಿಲ್ಲ. ಕುಲವೆಂಬುದು ಕಾಡಿನ ಹಾಗೆ, ದೂರದಿಂದ ಒತ್ತಾಗಿ ಕಾಣುತ್ತದೆ, ಹತ್ತಿರ ಹೋದರೆ ಒಂದೊಂದು ಮರವೂ ತನ್ನ ಬುಡದ ಮೇಲೆ ನಿಂತಿರುತ್ತದೆ ಎಂಬ ಇನ್ನೊಂದು ಅಕಾನ್ ಗಾದೆ ಅವರಿಗೆ ಪ್ರಿಯ. ವಿವೇಕ, ಒಳ್ಳೆಯತನದ ಸಾಮರ್ಥ್ಯ ಸಮುದಾಯ ಕೊಟ್ಟ ವರವಲ್ಲ, ಸಮುದಾಯ ಅವನ್ನು ಬೆಳೆಸುತ್ತದೆ ಅಷ್ಟೆ. ಆದ್ದರಿಂದ ಸಮುದಾಯದ ರೂಢಿಯನ್ನು ಪ್ರಶ್ನಿಸುವ, ಬೇಡವೆನ್ನುವ ಶಕ್ತಿಯೂ ವ್ಯಕ್ತಿಗೆ ಉಳಿಯುತ್ತದೆ. ಹಕ್ಕು ಇದೆ, ಆದರೆ ಸದಾ ಹಕ್ಕಿನ ಧ್ಯಾನದಲ್ಲೇ ಇರುವ ಬದುಕು ಬೇಡ, ಕರ್ತವ್ಯಕ್ಕೆ ಆದ್ಯತೆ ಇರಲಿ ಎಂಬ ಅವರ ನಿಲುವಿಗೆ ಸೌಮ್ಯ ಸಮುದಾಯವಾದ ಎಂಬ ಹೆಸರಿದೆ. ಕರ್ತವ್ಯವೇ ಮುಂದು ಎಂದ ಮೇಲೆ ನಿಮ್ಮ ಸೌಮ್ಯತೆ ಎಲ್ಲಿ ಉಳಿಯಿತು ಎಂದು ತತ್ವಜ್ಞಾನಿ ಬರ್ನಾರ್ಡ್ ಮಟೊಲಿನೊ ಆಮೇಲೆ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಗ್ಯೆಕ್ಯೆಯ ಬರಹದಲ್ಲಿ ಇದಕ್ಕೆ ಖಚಿತ ಉತ್ತರ ನನಗೆ ಕಂಡಿಲ್ಲ.

ಮಾತು ಇಷ್ಟಾದ ಮೇಲೆ ಒಂದು ಮೊಕದ್ದಮೆಯನ್ನು ಇಟ್ಟುಕೊಂಡು ನೋಡುವುದು ಒಳ್ಳೆಯದು. ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ 2004ರ ಅಕ್ಟೋಬರ್ 15ರಂದು ತೀರ್ಪು ಕೊಟ್ಟ 'ಭೆ' ಪ್ರಕರಣ ಅದು. ಕೇಪ್ ಟೌನಿನ ಖಯೆಲಿತ್ಶಾ ಬಡಾವಣೆಯಲ್ಲಿ ಬಡಗಿಯೊಬ್ಬ ಮನೆಕೆಲಸ ಮಾಡುವ ಹೆಣ್ಣುಮಗಳ ಜೊತೆ ಹನ್ನೆರಡು ವರ್ಷ ಸಂಸಾರ ಮಾಡಿದ. ಮದುವೆಯ ಶಾಸ್ತ್ರ ನಡೆದಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳು. ತಾತ್ಕಾಲಿಕ ಗುಡಿಸಲಲ್ಲಿ ವಾಸ. ಸರ್ಕಾರದ ವಸತಿ ಸಹಾಯಧನದಲ್ಲಿ ಆ ಜಾಗವನ್ನು ಕೊಂಡು, ಮನೆ ಕಟ್ಟಲು ಸಾಮಾನನ್ನೂ ತಂದಿಟ್ಟುಕೊಂಡಿದ್ದ. ಮನೆ ಏಳುವ ಮೊದಲೇ, 2002ರಲ್ಲಿ ತೀರಿಕೊಂಡ. ಕರಿಯರ ಉಯಿಲಿಲ್ಲದ ಆಸ್ತಿಗೆ ಆಗ ಪ್ರತ್ಯೇಕ ಕಾನೂನು ಇತ್ತು. 1927ರ ಆ ಕಾಯಿದೆಯೂ, ಹಿರಿಯ ಗಂಡಿಗೇ ವಾರಸುದಾರಿಕೆ ಎಂಬ ರೂಢಿನಿಯಮವೂ ಸೇರಿ ಆಸ್ತಿಯನ್ನು ಸತ್ತವನ ತಂದೆಗೆ ಕೊಟ್ಟವು. ಹೆಣ್ಣುಮಕ್ಕಳಾದ್ದರಿಂದ ಒಮ್ಮೆ, ಮದುವೆಯಾಚೆ ಹುಟ್ಟಿದವರಾದ್ದರಿಂದ ಇನ್ನೊಮ್ಮೆ, ಮಕ್ಕಳು ಪಟ್ಟಿಯಿಂದ ಹೊರಬಿದ್ದರು. ಅಂತ್ಯಕ್ರಿಯೆಯ ಖರ್ಚಿಗಾಗಿ ಆ ಜಾಗವನ್ನು ಮಾರುತ್ತೇನೆಂದು ಅಜ್ಜ ಹೇಳಿದ. ತಾಯಿ ಮಕ್ಕಳ ಪರವಾಗಿ ನ್ಯಾಯಾಲಯಕ್ಕೆ ಹೋದಳು.

ಅಜ್ಜನನ್ನು ಖಳನಾಯಕನಾಗಿ ಮಾಡಿ ಉತ್ತರ ಬರೆಯುವುದು ಸುಲಭ. ಆದರೆ ಮಗನನ್ನು ಮರ್ಯಾದೆಯಿಂದ ಮಣ್ಣು ಮಾಡುವುದೂ ಸಂಬಂಧದಿಂದಲೇ ಬಂದ ಕರ್ತವ್ಯ. ಸತ್ತವರ ಕಡೆಗಿನ ಕರ್ತವ್ಯ ಒಂದು ಕಡೆ, ಬದುಕಿರುವ ಮೊಮ್ಮಕ್ಕಳ ಕಡೆಗಿನ ಕರ್ತವ್ಯ ಇನ್ನೊಂದು ಕಡೆ. ಸಂಬಂಧಗಳನ್ನೇ ನೀತಿಯ ಬೇರೆಂದು ಒಪ್ಪಿದರೂ ಸಂಬಂಧಗಳೇ ಪರಸ್ಪರ ಡಿಕ್ಕಿ ಹೊಡೆದಾಗ ಏನು ಮಾಡಬೇಕೆಂಬುದಕ್ಕೆ ಬೇರೊಂದು ಅಳತೆ ಬೇಕಾಗುತ್ತದೆ.

ಬಹುಮತದ ತೀರ್ಪು ಬರೆದ ಪಿಯಸ್ ಲಾಂಗಾ ಹಳೆಯ ನಿಯಮವನ್ನು ಮೂಢ ಪದ್ಧತಿ ಎಂದು ತಳ್ಳಿಹಾಕಲಿಲ್ಲ. ಅದು ಹುಟ್ಟಿದ ಕಾಲದಲ್ಲಿ ಅದಕ್ಕೊಂದು ಅರ್ಥವಿತ್ತು ಎಂದು ವಿವರಿಸಿದರು. ಆಗ ವಾರಸುದಾರನಿಗೆ ಸಿಗುತ್ತಿದ್ದದ್ದು ಬರಿಯ ಆಸ್ತಿಯಲ್ಲ, ಸತ್ತವನ ಜಾಗ. ಅವನ ಹೆಂಡತಿ, ಮಕ್ಕಳು, ಅವಲಂಬಿತರು ಎಲ್ಲರನ್ನೂ ಸಾಕುವ ಹೊಣೆ ಆ ಜಾಗಕ್ಕೆ ಅಂಟಿಕೊಂಡಿರುತ್ತಿತ್ತು. ಆಸ್ತಿ ಮನೆತನದ್ದು, ಅವನು ಅದರ ಯಜಮಾನ ಮಾತ್ರ. ಆದರೆ ಕುಟುಂಬಗಳು ಚದುರಿವೆ, ಜನ ನಗರಗಳಿಗೆ ಬಂದಿದ್ದಾರೆ. ಎಷ್ಟೋ ಕಡೆ ವಾರಸುದಾರ ಆಸ್ತಿಯನ್ನು ಪಡೆಯುತ್ತಾನೆ, ಹೊಣೆಯನ್ನು ಹೊರುವುದಿಲ್ಲ. ಸಂಬಂಧದ ನೀತಿ ಎಲ್ಲಿ ಕೆಡುತ್ತದೆ ಎಂಬುದಕ್ಕೆ ನಾನು ಕಂಡ ಅತ್ಯಂತ ಸ್ಪಷ್ಟ ವಿವರಣೆ ಇದು. ಅಧಿಕಾರ ಮತ್ತು ಕರ್ತವ್ಯ ಜೋಡಿಯಾಗಿರುವತನಕ ಆ ನೀತಿ ಬದುಕಿರುತ್ತದೆ. ಕರ್ತವ್ಯ ಕಳಚಿಬಿದ್ದು ಅಧಿಕಾರ ಮಾತ್ರ ಉಳಿದಾಗಲೂ ಅದೇ ಹಳೆಯ ಹೆಸರಿನಲ್ಲಿ ಅದನ್ನು ಕರೆಯುತ್ತಿರುತ್ತಾರೆ, ಅದೇ ಅಪಾಯ. ಅಂಥ ಹೊತ್ತಿನಲ್ಲಿ ಆ ಇಬ್ಬರು ಮಕ್ಕಳಿಗೆ ಬೇಕಾದದ್ದು ಮನೆತನದ ಕೃಪೆಯನ್ನು ಕಾಯದೆ ಕೇಳಿ ಪಡೆಯಬಹುದಾದ ಏನೋ ಒಂದು. ಸಮಾನತೆಯ ಹಕ್ಕು ಮತ್ತು ಘನತೆಯ ಹಕ್ಕಿನ ಆಧಾರದ ಮೇಲೆ ನ್ಯಾಯಾಲಯ ಹಿರಿಯ ಗಂಡಿನ ವಾರಸು ನಿಯಮವನ್ನು ರದ್ದು ಮಾಡಿತು. ಮಕ್ಕಳೇ ವಾರಸುದಾರರಾದರು.

ಅದೇ ಪೀಠದಲ್ಲಿದ್ದ ಸ್ಯಾಂಡಿಲೆ ಎನ್‌ಗೊಬೊ ಭಾಗಶಃ ಭಿನ್ನಮತ ಬರೆದರು. ಅವರದೂ ಮಕ್ಕಳ ಪರವೇ. ಆದರೆ ರೂಢಿನಿಯಮವನ್ನು ಕಿತ್ತುಹಾಕಬೇಡಿ, ಹೆಣ್ಣುಮಕ್ಕಳೂ ಆ ಜಾಗಕ್ಕೆ ಬರುವಂತೆ ಅದನ್ನು ಬೆಳೆಸಿ, ಮನೆತನವನ್ನು ಉಳಿಸುವ ಅದರ ಉದ್ದೇಶ ಹಾಳಾಗದಿರಲಿ ಎಂದರು. ನನಗೆ ಈ ಭಿನ್ನಮತದ ಮೇಲೆ ಗೌರವವಿದೆ. ಆದರೂ ಒಂದು ಅನುಮಾನ ಕಾಡುತ್ತದೆ. ಹಿರಿಯ ಮಗಳು ಯಜಮಾನಳಾದ ಮಾತ್ರಕ್ಕೆ ಕಿರಿಯವಳ ಪಾಲು ಭದ್ರವಾಗುತ್ತದೆಯೇ?

ಈಗ ಮೆಂಕಿಟಿ, ಗ್ಯೆಕ್ಯೆ ಇಬ್ಬರ ಜೊತೆಗೆ ಇನ್ನೊಂದನ್ನೂ ಸೇರಿಸಿ ಮೂರು ಸಿದ್ಧಾಂತಗಳನ್ನು ಆ ಮಕ್ಕಳ ಮುಂದೆ ನಿಲ್ಲಿಸಿ. ಮೆಂಕಿಟಿಯ ಪ್ರಕಾರ ಅವರು ಇನ್ನೂ ಪೂರ್ಣ ವ್ಯಕ್ತಿಗಳಲ್ಲ, ಆದರೂ ಹಿರಿಯರಿಗೆ ಅವರ ಮೇಲೆ ಕರ್ತವ್ಯ ಇದ್ದೇ ಇದೆ. ತೊಂದರೆಯೆಂದರೆ, ಹಿರಿಯರು ಅದನ್ನು ನೆರವೇರಿಸದಿದ್ದರೆ ದೂರು ಕೊಡುವ ಬಾಯಿ ಮಕ್ಕಳಿಗಿಲ್ಲ. ಹೆಚ್ಚೆಂದರೆ ಕರ್ತವ್ಯ ಬಿಟ್ಟ ಅಜ್ಜನ ವ್ಯಕ್ತಿತನ ಕುಗ್ಗಿತು ಎನ್ನಬಹುದು. ಅದರಿಂದ ಗುಡಿಸಲು ಉಳಿಯುವುದಿಲ್ಲ. ಗ್ಯೆಕ್ಯೆಯ ಪ್ರಕಾರ ಮಕ್ಕಳು ಹುಟ್ಟಿನಿಂದಲೇ ವ್ಯಕ್ತಿಗಳು, ಅವರಿಗೆ ಹಕ್ಕಿದೆ. ಮನೆತನದ ಒಳಿತು ಎದುರಾದಾಗ ಆ ಹಕ್ಕು ಎಷ್ಟು ಗಟ್ಟಿ ಎಂಬುದು ಮಾತ್ರ ತೇಲುತ್ತದೆ. ಮೂರನೆಯದು, ದಕ್ಷಿಣ ಆಫ್ರಿಕಾದಲ್ಲಿ ಕಲಿಸುತ್ತ ಬಂದ ಥ್ಯಾಡಿಯಸ್ ಮೆಟ್ಸ್ 2007ರಿಂದ ಕಟ್ಟಿದ ವಾದ. ಉಬುಂಟು ಎಂದು ಕರೆಯುವ ನೀತಿಯನ್ನು ಅವರು ಹೀಗೆ ತಿರುಗಿಸಿ ಇಡುತ್ತಾರೆ: ಮನುಷ್ಯರಿಗೆ ಘನತೆ ಬರುವುದು ಸಂಬಂಧ ಬೆಳೆಸುವ ಸಾಮರ್ಥ್ಯದಿಂದ, ಬೆಳೆಸಿ ಆಗಿರುವ ಸಂಬಂಧಗಳಿಂದಲ್ಲ. ಇನ್ನೊಬ್ಬರನ್ನು ತನ್ನವರೆಂದು ಕಾಣುವ, ಅವರ ಒಳಿತಿಗೆ ನೆರವಾಗುವ ಶಕ್ತಿ ಇರುವವರೂ, ಹಾಗೆ ಕಾಣಿಸಿಕೊಳ್ಳಬಲ್ಲವರೂ ಈ ವೃತ್ತದೊಳಗೆ ಬರುತ್ತಾರೆ. ಆ ಸಾಮರ್ಥ್ಯವನ್ನು ತುಳಿಯುವುದೇ ಹಕ್ಕಿನ ಉಲ್ಲಂಘನೆ. ಇಲ್ಲಿ ಹಕ್ಕು ಸಂಬಂಧಕ್ಕೆ ಎದುರಾಳಿಯಲ್ಲ, ಸಂಬಂಧದ ಬೇಲಿ. ಎಳೆಗೂಸೂ ಹೊರಗುಳಿಯುವುದಿಲ್ಲ, ಯಾಕೆಂದರೆ ಅದನ್ನು ಎತ್ತಿಕೊಳ್ಳುವವರು ಇರಲು ಸಾಧ್ಯ. ಆದರೆ ಮೆಟ್ಸ್ ವಾದ ಸಂಬಂಧದ ಹೆಸರಿಟ್ಟುಕೊಂಡ ಕಾಂಟ್ ಅಲ್ಲವೇ ಎಂದು ಕೇಳಿದರೆ ಅದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು.

ಹಕ್ಕಿನ ವಾದವೂ ಎಲ್ಲ ಕಡೆ ಗೆಲ್ಲುವುದಿಲ್ಲ. ಅದೇ ನ್ಯಾಯಾಲಯ ಅದೇ ತಿಂಗಳ ಮೊದಲಲ್ಲಿ ಪೋರ್ಟ್ ಎಲಿಜಬೆತ್ ನಗರಸಭೆಯ ಪ್ರಕರಣವನ್ನು ತೀರ್ಮಾನಿಸಿತ್ತು. ಖಾಸಗಿ ಜಮೀನಿನಲ್ಲಿ 29 ಗುಡಿಸಲು, 68 ಜನ, ಅವರಲ್ಲಿ 23 ಮಕ್ಕಳು. ಎಬ್ಬಿಸಿ ಎಂದು ಸುಮಾರು 1,600 ಮಂದಿ ಸಹಿ ಹಾಕಿ ಅರ್ಜಿ ಕೊಟ್ಟಿದ್ದರು. ಆಸ್ತಿಯ ಹಕ್ಕನ್ನು ಮಾತ್ರ ನೋಡಿದರೆ ಉತ್ತರ ಸಿದ್ಧವಾಗಿಯೇ ಇದೆ. ನ್ಯಾಯಮೂರ್ತಿ ಆಲ್ಬಿ ಸ್ಯಾಕ್ಸ್ ಬೇರೆ ಪ್ರಶ್ನೆಗಳನ್ನು ಕೇಳಿದರು. ಇವರು ಎಷ್ಟು ವರ್ಷದಿಂದ ಅಲ್ಲಿದ್ದಾರೆ, ಮಾಲೀಕರಿಗೆ ಆ ಜಾಗ ಈಗ ಬೇಕಾಗಿದೆಯೇ, ಎಬ್ಬಿಸುವ ಮೊದಲು ಯಾರಾದರೂ ಇವರ ಜೊತೆ ಕೂತು ಮಾತಾಡಿದ್ದಾರೆಯೇ? ಮಾತುಕತೆ ನೆಟ್ಟಗೆ ನಡೆದಿರಲಿಲ್ಲ. ನಗರಸಭೆ ಸೋತಿತು. ಗುಡಿಸಲಿನವರೂ ಜಮೀನಿನವರೂ ಒಂದೇ ಊರಿನವರು, ನಾಳೆಯೂ ಒಟ್ಟಿಗೆ ಬಾಳಬೇಕಾದವರು ಎಂಬ ಎಣಿಕೆ ಆ ತೀರ್ಪಿನಲ್ಲಿ ಉಬುಂಟು ಹೆಸರಿನಲ್ಲೇ ಕೆಲಸ ಮಾಡಿತು. ಮಾಲೀಕ, ಅತಿಕ್ರಮಣಕಾರ ಎಂಬ ಎರಡೇ ಖಾನೆಗಳಿದ್ದರೆ ಈ ಪ್ರಶ್ನೆಗಳನ್ನು ಕೇಳಲು ಜಾಗವೇ ಇರುತ್ತಿರಲಿಲ್ಲ.

ಭಾರತದ ವಿದ್ಯಾರ್ಥಿಗೆ ಈ ವಾಗ್ವಾದ ಹೊರಗಿನದೇನಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್, ಕರಡು ಸಂವಿಧಾನ ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಮೂಲ ಘಟಕವಾಗಿ ತೆಗೆದುಕೊಂಡದ್ದಕ್ಕೆ ಸಂತೋಷ ಹೇಳಿದರು. ಹಳ್ಳಿಯಲ್ಲಿ ಸಂಬಂಧಗಳಿಗೆ ಕೊರತೆ ಇತ್ತೆಂದು ಅವರು ಹಾಗೆ ಹೇಳಿದ್ದಲ್ಲ. ಯಾರು ಯಾವ ಕೇರಿ, ಯಾರಿಗೆ ಯಾವ ಬಾವಿ ಎಂದು ಗೊತ್ತು ಮಾಡುತ್ತಿದ್ದದ್ದೇ ಆ ಸಂಬಂಧಗಳು. ಸಮುದಾಯ ವ್ಯಕ್ತಿತನವನ್ನು ಕೊಡುತ್ತದೆ ಎಂದಾಗ, ಅದೇ ಸಮುದಾಯ ಕೊಡದೆಯೂ ಇಟ್ಟುಕೊಳ್ಳಬಹುದು ಎಂಬ ಮಾತು ಅದರ ಬೆನ್ನಿಗೇ ಇರುತ್ತದೆ. ಮೆಂಕಿಟಿಗೆ ಕೊಡಬಹುದಾದ ಅತಿ ಬಲವಾದ ಭಾರತೀಯ ಉತ್ತರ ಇದು. ಇನ್ನು ವಾರಸಿನ ಮಾತಿಗೆ ಬಂದರೆ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಎಂಬ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತ್ತು, ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಆದರೆ ಕರ್ನಾಟಕದ ತಿದ್ದುಪಡಿ ಅದಕ್ಕೂ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. ಮದುವೆಯಾದವಳು ಬೇರೆ ಮನೆಯವಳು ಎಂಬ ಲೆಕ್ಕ ಹಕ್ಕಿನ ಕಾನೂನಿನೊಳಗೂ ಹೇಗೆ ನುಸುಳುತ್ತದೆ ನೋಡಿ.

ಉತ್ತರ ಬರೆಯುವವರಿಗೆ ನನ್ನದೊಂದು ವಿನಂತಿ. 'ಸಮನ್ವಯ ಬೇಕು' ಎಂದು ಕೊನೆಯ ಸಾಲು ಬರೆಯುವ ಬದಲು ಭೆ ಪ್ರಕರಣದ ಇಬ್ಬರು ಮಕ್ಕಳಿಗೆ ಆಸ್ತಿ ಸಿಗಬೇಕೇ, ಸಿಗಬೇಕಾದರೆ ಯಾವ ಆಧಾರದ ಮೇಲೆ ಎಂದು ನಿಮ್ಮ ತೀರ್ಮಾನ ಬರೆಯಿರಿ. ಮೆಂಕಿಟಿಯನ್ನು ಒಪ್ಪಿದರೂ ಸರಿ, ಮೆಟ್ಸ್ ಅವರನ್ನು ಒಪ್ಪಿದರೂ ಸರಿ, ಆ ತೀರ್ಮಾನದಲ್ಲೇ ನೀವು ಎರಡನ್ನೂ ಅರ್ಥ ಮಾಡಿಕೊಂಡಿದ್ದೀರೋ ಇಲ್ಲವೋ ಗೊತ್ತಾಗುತ್ತದೆ.